ಒಂದೂ ಖಾಲಿ ಇಲ್ಲದ ಹಾಳೆ: ಮಸಾಲೆ ಪುಡಿ ಘಟಕವೊಂದರ ಆಂತರಿಕ ಆಡಿಟ್ ಪ್ರಕರಣ

ಈ ಘಟಕ ಯಾವುದು, ಎಲ್ಲಿದೆ ಅಂತ ಹೇಳುವುದಿಲ್ಲ. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ. ಆಡಿಟ್‌ನಲ್ಲಿ ಏನು ಬರೆದರು, ಅದರಿಂದ ಏನಾಯಿತು ಅನ್ನುವುದು ಮಾತ್ರ ನಡೆದ ಹಾಗೆಯೇ ಇದೆ.

ಹಿನ್ನೆಲೆ

ಸುಮಾರು 60 ಜನ ಕೆಲಸ ಮಾಡುವ ಘಟಕ. ಸಾಂಬಾರ್ ಪುಡಿ, ರಸಂ ಪುಡಿ, ರವೆ ಇಡ್ಲಿ ಮಿಕ್ಸ್ ಮಾಡುತ್ತಾರೆ. ಬೆಳಿಗ್ಗೆ 6ರಿಂದ ಮಧ್ಯಾಹ್ನ 2, ಮಧ್ಯಾಹ್ನ 2ರಿಂದ ರಾತ್ರಿ 10, ಹೀಗೆ ಎರಡು ಶಿಫ್ಟ್. ಆಹಾರ ಸುರಕ್ಷತೆಯ ಐಎಸ್‌ಒ 22000 ಪ್ರಮಾಣಪತ್ರ ಇದೆ.

ಹುರಿದ ಕೊತ್ತಂಬರಿ, ಮೆಣಸಿನಕಾಯಿ, ಬೇಳೆ ಎಲ್ಲ ಪಲ್ವರೈಸರ್‌ನಲ್ಲಿ ಪುಡಿಯಾಗಿ, ಜರಡಿ ದಾಟಿ, ಪೌಚ್‌ಗೆ ಬರುತ್ತವೆ. ಪಲ್ವರೈಸರ್‌ನ ಸುತ್ತಿಗೆ ಸವೆದರೆ ಕಬ್ಬಿಣದ ಚೂರು ಬರಬಹುದು. ಜರಡಿಯ ತಂತಿ ಹರಿದರೆ ಸ್ಟೀಲಿನ ತುಂಡು ಬರಬಹುದು. ಆದ್ದರಿಂದ ಸೀಲಾದ ಪ್ರತಿ ಪೌಚ್ ಕೊನೆಯಲ್ಲಿ ಮೆಟಲ್ ಡಿಟೆಕ್ಟರ್ ಒಳಗೆ ಹಾದುಹೋಗಬೇಕು. ಅವರ ಯೋಜನೆಯಲ್ಲಿ ಇದೊಂದೇ ಸಿಸಿಪಿ, ಅಂದರೆ ಇಲ್ಲಿ ತಪ್ಪಿದರೆ ಮುಂದೆ ಹಿಡಿಯುವವರು ಯಾರೂ ಇಲ್ಲ ಅನ್ನುವ ಜಾಗ.

ಡಿಟೆಕ್ಟರ್ ಕೆಲಸ ಮಾಡುತ್ತಿದೆಯಾ ಅಂತ ತಿಳಿಯಲು ಮೂರು ಟೆಸ್ಟ್ ಪೀಸ್ ಇರುತ್ತವೆ. ಈ ಯಂತ್ರಕ್ಕೆ ನಿಗದಿಯಾದದ್ದು 1.5 ಮಿ.ಮೀ. ಕಬ್ಬಿಣದ ಗುಂಡು, 2 ಮಿ.ಮೀ. ಹಿತ್ತಾಳೆ ಗುಂಡು, 2.5 ಮಿ.ಮೀ. ಸ್ಟೇನ್‌ಲೆಸ್ ಸ್ಟೀಲ್ ಗುಂಡು. ಸ್ಟೀಲ್ ಹಿಡಿಯುವುದು ಎಲ್ಲಕ್ಕಿಂತ ಕಷ್ಟ, ಅದಕ್ಕೇ ಅದರ ಗಾತ್ರ ದೊಡ್ಡದು. ಪೌಚ್ ಮೇಲೆ ಒಂದೊಂದನ್ನೇ ಇಟ್ಟು ಬೆಲ್ಟ್ ಮೇಲೆ ಬಿಡಬೇಕು. ಯಂತ್ರ ಸುಮ್ನೆ ಬೀಪ್ ಅಂದರೆ ಸಾಲದು. ಗಾಳಿಯ ಒತ್ತಡದಿಂದ ಚಲಿಸುವ ತಳ್ಳುಗೋಲು ಆ ಪೌಚನ್ನು ರಿಜೆಕ್ಟ್ ಬಿನ್‌ಗೆ ತಳ್ಳಲೇಬೇಕು. ಶಿಫ್ಟ್ ಶುರುವಿನಲ್ಲಿ, ಆಮೇಲೆ ಗಂಟೆಗೊಮ್ಮೆ, ಕೊನೆಯಲ್ಲಿ ಈ ಪರೀಕ್ಷೆ ಮಾಡಬೇಕು ಅಂತ ಅವರೇ ಬರೆದುಕೊಂಡಿದ್ದರು. ಒಂದು ಶಿಫ್ಟ್‌ಗೆ ಒಟ್ಟು 9 ಸಲ.

ಮೂರು ಆಡಿಟ್, ಒಂದೇ ವಾಕ್ಯ

ನಾನು ಹೋಗುವ ಹೊತ್ತಿಗೆ ಆರು ತಿಂಗಳ ಅಂತರದಲ್ಲಿ ಮೂರು ಆಂತರಿಕ ಆಡಿಟ್ ಆಗಿದ್ದವು. ಮೊದಲನೆಯದರ ಎನ್‌ಸಿ, ಅಂದರೆ ನಿಯಮದಂತೆ ನಡೆಯದ್ದನ್ನು ದಾಖಲಿಸುವ ಬರಹ, ಹೀಗಿತ್ತು: "ಮೆಟಲ್ ಡಿಟೆಕ್ಟರ್ ದಾಖಲೆ ಸರಿಯಾಗಿ ನಿರ್ವಹಿಸಿಲ್ಲ." ಮೂಲ ಕಾರಣದ ಜಾಗದಲ್ಲಿ "ಸಿಬ್ಬಂದಿಯ ನಿರ್ಲಕ್ಷ್ಯ". ಸರಿಪಡಿಸುವ ಕ್ರಮದ ಜಾಗದಲ್ಲಿ "ತರಬೇತಿ ನೀಡಲಾಗಿದೆ". ತಡೆ ಕ್ರಮದ ಜಾಗದಲ್ಲಿ "ಮುಂದೆಯೂ ತರಬೇತಿ ನೀಡಲಾಗುವುದು". ತರಬೇತಿಯ ಹಾಜರಿ ಹಾಳೆ ಪಿನ್ ಮಾಡಿ ಕ್ಲೋಸ್ ಮಾಡಿದ್ದರು.

ಎರಡನೆಯ ಆಡಿಟ್‌ನಲ್ಲೂ ಹಾಳೆಯಲ್ಲಿ ಎರಡು ಮನೆ ಖಾಲಿ ಸಿಕ್ಕವು. ಮತ್ತೆ ಅದೇ ವಾಕ್ಯ, ಅದೇ ಕಾರಣ, ಅದೇ ತರಬೇತಿ. ಈ ಸಲ ಹಾಜರಿ ಹಾಳೆಯಲ್ಲಿ ಸಹಿ ಜಾಸ್ತಿ ಇದ್ದವು, ಅಷ್ಟೇ.

ಮೂರನೆಯ ಆಡಿಟ್‌ನಲ್ಲಿ ಒಂದೂ ಮನೆ ಖಾಲಿ ಇರಲಿಲ್ಲ. "ದಾಖಲೆ ಸಮರ್ಪಕವಾಗಿದೆ, ಹಿಂದಿನ ಕ್ರಮ ಪರಿಣಾಮಕಾರಿ" ಅಂತ ಬರೆದರು. ಎಲ್ಲರಿಗೂ ಸಮಾಧಾನವಾಯಿತು.

ಆಮೇಲೆ ಪ್ರಮಾಣಪತ್ರ ಕೊಡುವ ಸಂಸ್ಥೆಯ ಆಡಿಟರ್ ಬಂದರು. ಬೆಳಿಗ್ಗೆ 11.20ಕ್ಕೆ ಲೈನ್ ಹತ್ತಿರ ನಿಂತು ಹಾಳೆ ನೋಡಿದರು. 11 ಗಂಟೆಯ ಮನೆಯಲ್ಲಿ ಮೂರು ಟಿಕ್ ಇದ್ದವು. "ಒಂದ್ಸಲ ಟೆಸ್ಟ್ ಮಾಡಿ ತೋರಿಸಿ" ಅಂದರು. ಟೆಸ್ಟ್ ಪೀಸ್ ಲೈನ್‌ನಲ್ಲಿ ಇರಲಿಲ್ಲ. ಮೇಲಿನ ಮಹಡಿಯ ಲ್ಯಾಬ್‌ನ ಕಪಾಟಿನಲ್ಲಿತ್ತು. ಕಪಾಟಿಗೆ ಬೀಗ. ಕೀಲಿ ಇಟ್ಟುಕೊಂಡವರು ಬೆಳಿಗ್ಗೆಯ ಪರೀಕ್ಷೆ ಮುಗಿಸಿ ಕಚ್ಚಾ ಸಾಮಗ್ರಿಯ ಗೋದಾಮಿಗೆ ಹೋಗಿದ್ದರು. ಪೀಸ್ ಕೆಳಗೆ ಬರುವಷ್ಟರಲ್ಲಿ ಇಪ್ಪತ್ತೈದು ನಿಮಿಷ. ಪರೀಕ್ಷೆಯಲ್ಲಿ ಡಿಟೆಕ್ಟರ್ ಪಾಸಾಯಿತು. ಆದರೆ ಆ ಪೀಸ್ 11 ಗಂಟೆಗೆ ಕೆಳಗೆ ಹೇಗೆ ಬಂದಿತ್ತು ಅನ್ನುವ ಪ್ರಶ್ನೆಗೆ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಮೇಜರ್ ಎನ್‌ಸಿ ಬಂತು. ಸಿಸಿಪಿಯ ಮೇಲ್ವಿಚಾರಣೆ ಯೋಜನೆಯಂತೆ ನಡೆದಿಲ್ಲ, ಹಿಂದಿನ ಸರಿಪಡಿಸುವ ಕ್ರಮವೂ ಫಲ ಕೊಟ್ಟಿಲ್ಲ, ಅಂತ.

ಇದಾದ ಮೇಲೆ ಮಾಲೀಕರು ನನಗೆ ಫೋನ್ ಮಾಡಿದರು. ಅವರ ಆಂತರಿಕ ಆಡಿಟರ್‌ಗಳ ಜೊತೆ ಕೂತು ಆಡಿಟ್ ಮಾಡುವುದನ್ನೂ ಬರೆಯುವುದನ್ನೂ ಸರಿಮಾಡುವುದು ನನ್ನ ಕೆಲಸ.

ಹಳೆಯ ಮೂರು ಫಾರ್ಮ್‌ಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟಾಗ ನನಗೆ ಹೊಳೆದದ್ದು ಇದು: ಆ ತರಬೇತಿ ಸೋತಿರಲಿಲ್ಲ. ಹೇಳಿದ್ದನ್ನು ಪೂರ್ತಿ ಸಾಧಿಸಿತ್ತು. ಎನ್‌ಸಿಯಲ್ಲಿ ಬರೆದದ್ದು "ದಾಖಲೆ ಸರಿಯಿಲ್ಲ" ಅಂತ. ಜನ ದಾಖಲೆಯನ್ನು ಸರಿಮಾಡಿದರು. ಪರೀಕ್ಷೆ ಆಗಿತ್ತೋ ಇಲ್ಲವೋ ಅಂತ ಯಾರೂ ಬರೆದಿರಲಿಲ್ಲ, ಹಾಗಾಗಿ ಅದನ್ನು ಯಾರೂ ಮುಟ್ಟಲಿಲ್ಲ. ಎನ್‌ಸಿಯಲ್ಲಿ ಯಾವುದಕ್ಕೆ ಹೆಸರು ಕೊಡುತ್ತೇವೋ ಅದೇ ರಿಪೇರಿ ಆಗುತ್ತದೆ. ಖಾಲಿ ಮನೆ ಇದ್ದಾಗ ಕನಿಷ್ಠ ಪರೀಕ್ಷೆ ಆಗಿಲ್ಲ ಅಂತ ಗೊತ್ತಾಗುತ್ತಿತ್ತು. ಎರಡು ತರಬೇತಿ ಆದಮೇಲೆ ಆ ಸುಳಿವೂ ಹೋಯಿತು.

ಸ್ಟೋರ್‌ನವರ ಪ್ರಶ್ನೆ

ಮೂರೂ ಸಲ ಮೆಟಲ್ ಡಿಟೆಕ್ಟರ್ ಆಡಿಟ್ ಮಾಡಿದವರು ಕ್ಯೂಸಿ, ಅಂದರೆ ಗುಣಮಟ್ಟ ನೋಡಿಕೊಳ್ಳುವ ವಿಭಾಗದ ಮುಖ್ಯಸ್ಥೆಯೇ. "ಅದರ ಬಗ್ಗೆ ಗೊತ್ತಿರೋದು ಮೇಡಂಗೆ ಮಾತ್ರ ಅಲ್ವಾ" ಅನ್ನುವುದು ಕಾರಣ. ಆದರೆ ಪರೀಕ್ಷೆಯ ವ್ಯವಸ್ಥೆ ಮಾಡಿದವರೂ ಅವರೇ, ಪ್ರತಿದಿನ ಆ ಹಾಳೆಗೆ ಸಹಿ ಹಾಕುವವರೂ ಅವರೇ. ತಾನೇ ಮಾಡಿದ ಕೆಲಸವನ್ನು ತಾನೇ ಆಡಿಟ್ ಮಾಡಬಾರದು ಅನ್ನುವುದು ಐಎಸ್‌ಒ 22000ದ 9.2ನೇ ಕಲಮಿನ ನಿಷ್ಪಕ್ಷಪಾತದ ಬೇಡಿಕೆ. ಅದಕ್ಕಿಂತ ದೊಡ್ಡ ತೊಂದರೆ ಅಂದರೆ, ದಿನಾ ನೋಡುವ ಹಾಳೆಯನ್ನು ಆಡಿಟ್ ದಿನವೂ ದಿನಾ ನೋಡುವ ಕಣ್ಣಿನಿಂದಲೇ ನೋಡುತ್ತೇವೆ. ಮೇಡಂ ಖಾಲಿ ಮನೆ ಹುಡುಕುತ್ತಿದ್ದರು. ಅವರ ಕಣ್ಣು ಅದಕ್ಕೇ ಪಳಗಿತ್ತು.

ಈ ಸಲ ಆ ಭಾಗವನ್ನು ಸ್ಟೋರ್ ಇನ್‌ಚಾರ್ಜ್‌ಗೆ ಕೊಟ್ಟೆವು. ಅವರಿಗೆ ಡಿಟೆಕ್ಟರ್ ಗೊತ್ತಿಲ್ಲ. ಅರ್ಧ ದಿನ ಕೂತು ಪರೀಕ್ಷೆ ಹೇಗೆ ಮಾಡುತ್ತಾರೆ ಅಂತ ನೋಡಿದರು. ಆಮೇಲೆ ಒಂದು ಪ್ರಶ್ನೆ ಕೇಳಿದರು: "ನಮ್ಮ ಸ್ಟೋರ್‌ನಿಂದ ಒಂದು ಬೋಲ್ಟ್ ಹೊರಗೆ ಹೋದರೂ ಸಹಿ ಬೀಳುತ್ತೆ. ಬೀಗ ಹಾಕಿಟ್ಟ ಟೆಸ್ಟ್ ಪೀಸ್‌ಗೆ ಇಶ್ಯೂ ರಿಜಿಸ್ಟರ್ ಇಲ್ವಾ?"

ಇತ್ತು. ಕಪಾಟಿನ ಒಳಗೇ ಇತ್ತು. ಮೂರು ಆಡಿಟ್‌ನಲ್ಲಿ ಯಾರೂ ಅದನ್ನು ತೆಗೆದು ನೋಡಿರಲಿಲ್ಲ.

ಅವರು ಕಣ್ಣು ಮುಚ್ಚಿ ಐದು ದಿನಾಂಕ ಆರಿಸಿದರು. ಪ್ರತಿ ದಿನಾಂಕಕ್ಕೂ ಮೂರು ಪುಸ್ತಕ ಪಕ್ಕಪಕ್ಕ ತೆರೆದಿಟ್ಟರು: ಡಿಟೆಕ್ಟರ್ ಹಾಳೆ, ಟೆಸ್ಟ್ ಪೀಸ್ ಇಶ್ಯೂ ರಿಜಿಸ್ಟರ್, ಮೇಂಟೆನೆನ್ಸ್‌ನವರ ಬ್ರೇಕ್‌ಡೌನ್ ರಿಜಿಸ್ಟರ್. ಒಂದು ಮಂಗಳವಾರದ ಪುಟ ನನಗೆ ಇನ್ನೂ ನೆನಪಿದೆ. ಬ್ರೇಕ್‌ಡೌನ್ ರಿಜಿಸ್ಟರ್‌ನಲ್ಲಿ "ಸೀಲಿಂಗ್ ಮೆಷಿನ್ ಹೀಟರ್ ಹೋಯಿತು, 11.40ರಿಂದ 1.10ರವರೆಗೆ ಲೈನ್ ಬಂದ್". ಡಿಟೆಕ್ಟರ್ ಹಾಳೆಯಲ್ಲಿ 12 ಗಂಟೆಗೆ ಮೂರು ಟಿಕ್, 1 ಗಂಟೆಗೆ ಮೂರು ಟಿಕ್. ಎಲ್ಲ ಟಿಕ್‌ಗಳೂ ಒಂದೇ ಪೆನ್ನು, ಒಂದೇ ಓರೆ, ಮೇಲಿಂದ ಕೆಳಗೆ ಒಂದೇ ಸಲ ಎಳೆದ ಹಾಗೆ. ಇಶ್ಯೂ ರಿಜಿಸ್ಟರ್‌ನಲ್ಲಿ ಆ ಶಿಫ್ಟ್‌ಗೆ ಎರಡೇ ಸಾಲು: 5.50ಕ್ಕೆ ಹೋಗಿ 6.20ಕ್ಕೆ ವಾಪಸ್, 1.50ಕ್ಕೆ ಹೋಗಿ 2.15ಕ್ಕೆ ವಾಪಸ್.

ಐದು ದಿನ, ಹತ್ತು ಶಿಫ್ಟ್, 90 ಪರೀಕ್ಷೆಯ ಟಿಕ್. ಇಶ್ಯೂ ರಿಜಿಸ್ಟರ್‌ನಲ್ಲಿ ಪೀಸ್ ಹೊರಬಂದದ್ದು 19 ಸಲ.

ಎನ್‌ಸಿಯ ವಾಕ್ಯ ಬರೆದದ್ದು

ಸ್ಟೋರ್‌ನವರು ಮೊದಲು ಬರೆದದ್ದು: "ಆಪರೇಟರ್‌ಗಳು ಸುಳ್ಳು ದಾಖಲೆ ಬರೆಯುತ್ತಿದ್ದಾರೆ. ಕಠಿಣ ಕ್ರಮ ಕೈಗೊಂಡು, ಟೆಸ್ಟ್ ಪೀಸನ್ನು ಲೈನ್‌ನಲ್ಲೇ ಇಡಬೇಕು." ಅವರ ಕೋಪ ನನಗೆ ಅರ್ಥವಾಗುತ್ತಿತ್ತು. ಆದರೂ ಆ ಎರಡೂ ವಾಕ್ಯ ಬಿಡಬೇಕು ಅಂದೆ, ಯಾಕೆ ಅಂತಲೂ ಹೇಳಿದೆ.

"ಸುಳ್ಳು" ಅನ್ನುವುದು ಬರೆದವರ ಮನಸ್ಸಿನಲ್ಲಿ ಏನಿತ್ತು ಅನ್ನುವ ಮಾತು. ನಮ್ಮ ಕೈಯಲ್ಲಿರುವ ಸಾಕ್ಷ್ಯ ಮೂರು ಪುಸ್ತಕ. ಮನಸ್ಸಿನ ಸಾಕ್ಷ್ಯ ನಮ್ಮ ಹತ್ತಿರ ಇಲ್ಲ. ಆ ಒಂದು ಪದ ಬರೆದ ತಕ್ಷಣ ಲೈನ್‌ನವರು ಬಾಯಿ ಮುಚ್ಚಿಕೊಳ್ಳುತ್ತಾರೆ, ಆಮೇಲೆ ಕಾರಣ ಯಾವತ್ತೂ ಸಿಗುವುದಿಲ್ಲ. ಎರಡನೆಯ ವಾಕ್ಯದ ತೊಂದರೆ ಬೇರೆ. ಕಾರಣ ಹುಡುಕುವ ಮೊದಲೇ ಆಡಿಟರ್ ಪರಿಹಾರ ಬರೆದರೆ, ವಿಭಾಗದವರು ಅದನ್ನೇ ನಕಲು ಮಾಡಿ ಕ್ಲೋಸ್ ಮಾಡುತ್ತಾರೆ. ಪೀಸ್ ಯಾಕೆ ಮೇಲೆ ಹೋಯಿತು ಅಂತ ಆಗ ನಮಗೂ ಗೊತ್ತಿರಲಿಲ್ಲ.

ಮೂರು ಸಲ ತಿದ್ದಿದ ಮೇಲೆ ಹೀಗಾಯಿತು:

> ಬೇಡಿಕೆ: ಅಪಾಯ ನಿಯಂತ್ರಣ ಯೋಜನೆಯ ಪ್ರಕಾರ ಮೆಟಲ್ ಡಿಟೆಕ್ಟರನ್ನು ಶಿಫ್ಟ್ ಶುರುವಿನಲ್ಲಿ, ಗಂಟೆಗೊಮ್ಮೆ ಮತ್ತು ಕೊನೆಯಲ್ಲಿ ಮೂರು ಟೆಸ್ಟ್ ಪೀಸ್‌ಗಳಿಂದ ಪರೀಕ್ಷಿಸಬೇಕು (ಐಎಸ್‌ಒ 22000:2018, ಕಲಮು 8.5.4.3 ಮತ್ತು 8.5.4.5).
>
> ಕಂಡ ಕೊರತೆ: ಶಿಫ್ಟ್‌ನ ಮಧ್ಯದ ಗಂಟೆಗಳಲ್ಲಿ ಪರೀಕ್ಷೆ ನಡೆದಿದೆ ಎನ್ನಲು ಆಧಾರ ಇಲ್ಲ. ಆದರೂ ನಡೆದಿದೆ ಎಂದು ದಾಖಲಾಗಿದೆ.
>
> ಸಾಕ್ಷ್ಯ: ಆಯ್ದ 5 ದಿನಗಳ 10 ಶಿಫ್ಟ್‌ಗಳಲ್ಲಿ 90 ಪರೀಕ್ಷೆ ದಾಖಲಾಗಿವೆ. ಇಶ್ಯೂ ರಿಜಿಸ್ಟರ್ ಪ್ರಕಾರ ಟೆಸ್ಟ್ ಪೀಸ್ ಕಪಾಟಿನಿಂದ ಹೊರಬಂದದ್ದು 19 ಸಲ. ಇವುಗಳಲ್ಲಿ ಒಂದು ದಿನ 11.40ರಿಂದ 1.10ರವರೆಗೆ ಲೈನ್ ನಿಂತಿತ್ತು, ಆ ವೇಳೆಯಲ್ಲೂ ಎರಡು ಪರೀಕ್ಷೆ ದಾಖಲಾಗಿವೆ. ಒಂದು ರಾತ್ರಿ ಶಿಫ್ಟ್ ಕೊನೆಯ ಪರೀಕ್ಷೆಗೆ ಟೆಸ್ಟ್ ಪೀಸ್ ಹೊರಬಂದಿಲ್ಲ.

ಇದರಲ್ಲಿ ಯಾರ ಹೆಸರೂ ಇಲ್ಲ. ಬೈಗುಳ ಇಲ್ಲ. ಯಾರು ಬೇಕಾದರೂ ಆ ಮೂರು ಪುಸ್ತಕ ತೆಗೆದು, ಅದೇ ಸಂಖ್ಯೆ ಬರುತ್ತದಾ ಅಂತ ನೋಡಬಹುದು. ಕ್ಯೂಸಿ ಮೇಡಂ ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಇದಕ್ಕೆ ತರಬೇತಿ ಅಂತ ಬರೆಯೋಕೆ ಆಗಲ್ಲ" ಅಂದರು. ನಾನು ಕಾಯುತ್ತಿದ್ದದ್ದು ಈ ಮಾತಿಗೇ.

ಮೊದಲು ಸರಕಿನ ಲೆಕ್ಕ

ಕಾರಣ ಹುಡುಕುವ ಮೊದಲು ಇನ್ನೊಂದು ಕೆಲಸ ಇತ್ತು. ಸರಿಪಡಿಸುವಿಕೆ ಬೇರೆ, ಸರಿಪಡಿಸುವ ಕ್ರಮ ಬೇರೆ. ನೀರು ಸೋರಿ ನೆಲದ ಮೇಲೆ ಬಿದ್ದರೆ, ನೆಲ ಒರೆಸುವುದು ಮೊದಲನೆಯದು. ಪೈಪ್ ಯಾಕೆ ಒಡೆಯಿತು ಅಂತ ನೋಡಿ, ಮತ್ತೆ ಒಡೆಯದ ಹಾಗೆ ಮಾಡುವುದು ಎರಡನೆಯದು. ಆಹಾರದ ಘಟಕದಲ್ಲಿ ಮೊದಲನೆಯದರಲ್ಲಿ ಇನ್ನೊಂದು ಭಾಗವೂ ಇದೆ: ಈಗಾಗಲೇ ಹೊರಟುಹೋದ ಸರಕು. ಹಳೆಯ ಮೂರೂ ಫಾರ್ಮ್‌ನಲ್ಲಿ ಸರಕಿನ ಬಗ್ಗೆ ಒಂದು ಅಕ್ಷರ ಇರಲಿಲ್ಲ. ದಾಖಲೆ ಸರಿಯಿಲ್ಲ ಅಂತ ಬರೆದರೆ ಸರಕಿನ ನೆನಪು ಯಾರಿಗೆ ಬರುತ್ತದೆ?

ಅವತ್ತಿನಿಂದಲೇ ಕ್ಯೂಸಿಯವರು ಗಂಟೆಗೊಮ್ಮೆ ಪೀಸ್ ಹಿಡಿದು ಕೆಳಗೆ ಬರಲು ಶುರುಮಾಡಿದರು. ಹಳೆಯ ಸರಕಿಗೆ ಹೀಗೆ ಯೋಚಿಸಿದೆವು. ಶಿಫ್ಟ್ ಶುರುವಿನ ಪರೀಕ್ಷೆ, ಕೊನೆಯ ಪರೀಕ್ಷೆ ನಿಜವಾಗಿ ನಡೆದಿವೆ, ಅದಕ್ಕೆ ಇಶ್ಯೂ ರಿಜಿಸ್ಟರ್ ಸಾಕ್ಷಿ. ಎರಡೂ ಪಾಸಾಗಿದ್ದರೆ ನಡುವಿನ ಸರಕು ಕೆಲಸ ಮಾಡುವ ಡಿಟೆಕ್ಟರ್ ದಾಟಿದೆ ಅನ್ನಬಹುದು. ಇದರಲ್ಲಿ ಒಂದು ಮಿತಿ ಇದೆ, ಅದನ್ನು ಫಾರ್ಮ್‌ನಲ್ಲಿ ಬರೆಸಿದೆ: ನಡುವೆ ಬಂದು ತಾನೇ ಸರಿಹೋದ ದೋಷ, ಉದಾಹರಣೆಗೆ ಸ್ವಲ್ಪ ಹೊತ್ತು ಗಾಳಿಯ ಒತ್ತಡ ಬಿದ್ದು ತಳ್ಳುಗೋಲು ನಿಧಾನವಾದದ್ದು, ಈ ಲೆಕ್ಕದಲ್ಲಿ ಸಿಗುವುದಿಲ್ಲ. ಅದಕ್ಕಾಗಿ ಜರಡಿ ತಪಾಸಣೆಯ ಮತ್ತು ಕಬ್ಬಿಣದ ಚೂರು ಸೆಳೆದುಕೊಳ್ಳುವ ಮ್ಯಾಗ್ನೆಟ್ ಸ್ವಚ್ಛ ಮಾಡಿದ ದಾಖಲೆಗಳನ್ನೂ ಜೊತೆಗೆ ನೋಡಿದೆವು. ಮಾರುಕಟ್ಟೆಯಲ್ಲಿ ಇನ್ನೂ ಇರಬಹುದಾದ ಎಲ್ಲ ಬ್ಯಾಚ್‌ಗೂ ಇಶ್ಯೂ ರಿಜಿಸ್ಟರ್ ಪೂರ್ತಿ ತಿರುವಿ ಹಾಕಿದರು. ಎರಡು ಸಂಜೆ ಅದಕ್ಕೇ ಹೋಯಿತು.

ಉಳಿದದ್ದು ಒಂದೇ ಶಿಫ್ಟ್: ಕೊನೆಯ ಪರೀಕ್ಷೆ ಇಲ್ಲದ ಆ ರಾತ್ರಿ. 210 ಪೆಟ್ಟಿಗೆ ಸಾಂಬಾರ್ ಪುಡಿ. ಮರುದಿನ ಬೆಳಿಗ್ಗೆ 6ರ ಪರೀಕ್ಷೆ ಪಾಸಾಗಿತ್ತಲ್ಲ, ಅದೇ ಸಾಕು ಅಂತ ಒಬ್ಬರು ಅಂದರು. ನಡುವೆ ಯಾರೂ ಯಂತ್ರ ಮುಟ್ಟಿರದಿದ್ದರೆ ನಾನೂ ಒಪ್ಪುತ್ತಿದ್ದೆ. ಆದರೆ ಮೇಂಟೆನೆನ್ಸ್ ರಿಜಿಸ್ಟರ್‌ನಲ್ಲಿ ಆ ರಾತ್ರಿ 10.30ಕ್ಕೆ ಒಂದು ಸಾಲಿತ್ತು: "ಮೆಟಲ್ ಡಿಟೆಕ್ಟರ್ ಸೆಟ್ಟಿಂಗ್ ಸರಿಮಾಡಲಾಗಿದೆ." ಅಂದರೆ ಬೆಳಿಗ್ಗೆ ಪಾಸಾದದ್ದು ಬದಲಾದ ಯಂತ್ರ. ರಾತ್ರಿ ಅದು ಹೇಗಿತ್ತು ಅಂತ ಆ ಪರೀಕ್ಷೆ ಹೇಳುವುದಿಲ್ಲ.

46 ಪೆಟ್ಟಿಗೆ ಗೋದಾಮಿನಲ್ಲೇ ಇದ್ದವು. ಹೋಲ್ಡ್ ಚೀಟಿ ಅಂಟಿಸಿದರು. ಉಳಿದ 164 ಒಬ್ಬ ವಿತರಕರ ಕೈಗೆ ಹೋಗಿದ್ದವು. ಮಾಲೀಕರು ಆ ಸಂಜೆಯೇ ಫೋನ್ ಮಾಡಿ, ಮುಂದೆ ತಿಳಿಸುವವರೆಗೆ ಆ ಬ್ಯಾಚ್ ಮಾರಬೇಡಿ, ಅಂಗಡಿಗಳಿಗೂ ಹೇಳಿ ಅಂದರು. ವ್ಯಾಪಾರದವರಿಗೆ ಆ ಫೋನ್ ಮಾಡುವುದು ಸುಲಭ ಅಲ್ಲ. ಅವರು ಒಂದು ಗಂಟೆಯೂ ತಡಮಾಡಲಿಲ್ಲ, ಆ ಬಗ್ಗೆ ನನಗೆ ಅವರ ಮೇಲೆ ಗೌರವ ಇದೆ.

ಎರಡು ದಿನದಲ್ಲಿ ಉತ್ತರ ಸಿಕ್ಕಿತು. ಡಿಟೆಕ್ಟರ್‌ನ ಮೆಮೊರಿಯಲ್ಲಿ ಸೆಟ್ಟಿಂಗ್ ಬದಲಾದ ಸಮಯ, ಹಳೆಯ ಸಂಖ್ಯೆ, ಹೊಸ ಸಂಖ್ಯೆ ಎಲ್ಲ ಉಳಿದಿತ್ತು. ಆ ಸಂಜೆ ಯಂತ್ರ ವಿನಾಕಾರಣ ಜಾಸ್ತಿ ಪೌಚ್ ತಳ್ಳುತ್ತಿತ್ತು, ಅದಕ್ಕೆ ಎಲೆಕ್ಟ್ರಿಷಿಯನ್ ಸೂಕ್ಷ್ಮತೆಯನ್ನು ಕಡಿಮೆ ಮಾಡಿದ್ದರು. ಕಡಿಮೆ ಸೂಕ್ಷ್ಮತೆಯಲ್ಲೂ ಬೆಳಿಗ್ಗೆ ಮೂರು ಪೀಸ್ ಸಿಕ್ಕಿವೆ ಅಂದಮೇಲೆ, ಅದಕ್ಕಿಂತ ಸೂಕ್ಷ್ಮವಾಗಿದ್ದ ರಾತ್ರಿಯೂ ಸಿಗುತ್ತಿದ್ದವು. 46 ಪೆಟ್ಟಿಗೆಯ ಪೌಚ್‌ಗಳನ್ನು ಮತ್ತೊಮ್ಮೆ ಡಿಟೆಕ್ಟರ್ ದಾಟಿಸಿದರು, ಒಂದೂ ರಿಜೆಕ್ಟ್ ಆಗಲಿಲ್ಲ. ಆಮೇಲೆ ಹೋಲ್ಡ್ ತೆಗೆದರು, ವಿತರಕರಿಗೂ ತಿಳಿಸಿದರು. ಈ ಇಡೀ ತರ್ಕವನ್ನು ಒಂದು ಪುಟದಲ್ಲಿ ಬರೆದು, ಆಹಾರ ಸುರಕ್ಷತಾ ತಂಡ ಸಹಿ ಹಾಕಿತು. ಸೆಟ್ಟಿಂಗ್‌ನ ಸಂಖ್ಯೆ ಮೆಮೊರಿಯಲ್ಲಿ ಸಿಗದೇ ಹೋಗಿದ್ದರೆ ಆ 164 ಪೆಟ್ಟಿಗೆ ವಾಪಸ್ ತರಿಸಿ ಅಂತಲೇ ನಾನು ಹೇಳುತ್ತಿದ್ದೆ.

ಪೀಸ್ ಮೇಲೆ ಯಾಕೆ ಹೋಯಿತು

ಬೆಳಿಗ್ಗೆಯ ಲೈನ್ ನೋಡಿಕೊಳ್ಳುವವರು ಎಂಟು ವರ್ಷದಿಂದ ಅಲ್ಲೇ ಇರುವ ಒಬ್ಬ ಹೆಂಗಸು. ಎಲ್ಲರೂ ಅಕ್ಕ ಅನ್ನುತ್ತಾರೆ. ಸ್ಟೋರ್‌ನವರು ಎನ್‌ಸಿಯ ಹಾಳೆಯನ್ನು ಅವರ ಕೈಗೇ ಕೊಟ್ಟು ಓದಿಸಿದರು. ಓದಿ ಮುಗಿಸಿ ಅವರು ಹೇಳಿದ್ದು: "ಖಾಲಿ ಬಿಟ್ಟರೆ ಬೈತಾರೆ ಸರ್. ಕೀಲಿ ಮೇಲಿರುತ್ತೆ. ನಾನು ಲೈನ್ ಬಿಟ್ಟು ಮೇಲೆ ಹೋದರೆ ಪೌಚ್ ಎಲ್ಲ ಕೆಳಗೆ ಬೀಳುತ್ತೆ. ಮೊದಲು ಹೀಗಿರಲಿಲ್ಲ, ಪೀಸ್ ಇಲ್ಲೇ ಮೊಳೆಗೆ ನೇತಾಡ್ತಿತ್ತು."

ಮೊದಲು ಹೀಗಿರಲಿಲ್ಲ. ಆ ಮಾತಿನ ಹಿಂದೆ ಹೋದೆವು. ಸುಮಾರು ಒಂದೂವರೆ ವರ್ಷದ ಹಿಂದೆ ಒಂದು ಟೆಸ್ಟ್ ಪೀಸ್ ಕಳೆದಿತ್ತು. ಆಗ ಇದ್ದದ್ದು ಬೆರಳಿನಷ್ಟು ಸಣ್ಣ ಪ್ಲಾಸ್ಟಿಕ್ ಕಡ್ಡಿಗಳು. ಪುಡಿಯ ಜೊತೆ ಪೆಟ್ಟಿಗೆಗೆ ಹೋಯಿತೇನೋ ಅಂತ ಒಂದು ದಿನದ ಸರಕೆಲ್ಲ ಬಿಚ್ಚಿ ಹುಡುಕಿದ್ದರು. ಕಡೆಗೆ ಯಂತ್ರದ ಅಡಿಯಲ್ಲಿ ಸಿಕ್ಕಿತ್ತು. ಆಗ ಬರೆದ ಸರಿಪಡಿಸುವ ಕ್ರಮ: "ಟೆಸ್ಟ್ ಪೀಸ್‌ಗಳನ್ನು ಲ್ಯಾಬ್‌ನಲ್ಲಿ ಬೀಗ ಹಾಕಿ ಇಡುವುದು, ಇಶ್ಯೂ ರಿಜಿಸ್ಟರ್ ಇಡುವುದು." ಬರೆದವರು ಕ್ಯೂಸಿ ಮೇಡಂ. ಆ ಭಯ ನ್ಯಾಯವಾದದ್ದೇ. ಆದರೆ ಬೀಗ ಹಾಕಿದ ಮೇಲೆ ಗಂಟೆಗೊಮ್ಮೆ ಪರೀಕ್ಷೆ ಮಾಡುವವರು ಹೇಗೆ ಮಾಡಬೇಕು ಅಂತ ಆ ಫಾರ್ಮ್ ಕೇಳಲಿಲ್ಲ. ಲೈನ್‌ನವರನ್ನೂ ಯಾರೂ ಕೇಳಲಿಲ್ಲ.

ಒಂದು ಎನ್‌ಸಿಯ ಪರಿಹಾರವೇ ಇನ್ನೊಂದು ಎನ್‌ಸಿಯ ಕಾರಣ. ಇದನ್ನು ನಾನು ಬೇರೆ ಕಡೆಯೂ ನೋಡಿದ್ದೇನೆ, ಆದರೆ ಇಷ್ಟು ಸ್ಪಷ್ಟವಾಗಿ ಎಲ್ಲೂ ಅಲ್ಲ. ಮೂಲ ಕಾರಣ ಹುಡುಕುವಾಗ "ಇದು ಯಾವಾಗಿನಿಂದ ಹೀಗೆ?" ಅಂತ ಕೇಳಿ. "ಯಾಕೆ" ಅಂತ ಐದು ಸಲ ಕೇಳುವ ಪದ್ಧತಿಯಲ್ಲಿ ಜನ ಎರಡನೇ ಯಾಕೆಗೇ "ನಿರ್ಲಕ್ಷ್ಯ"ಕ್ಕೆ ಬಂದು ನಿಲ್ಲುತ್ತಾರೆ. ಯಾವಾಗಿನಿಂದ ಅಂತ ಕೇಳಿದರೆ ಒಂದು ದಿನಾಂಕ ಸಿಗುತ್ತದೆ. ಆ ದಿನ ಏನು ಬದಲಾಯಿತು ಅಂತ ನೋಡಬಹುದು.

ಇನ್ನೊಂದು ಪ್ರಶ್ನೆಯೂ ಇತ್ತು: ಒಂದೂವರೆ ವರ್ಷ ಇದು ಯಾಕೆ ಕಣ್ಣಿಗೆ ಬೀಳಲಿಲ್ಲ? ಹಾಳೆಯಲ್ಲಿ 6, 7, 8 ಅಂತ ಸಮಯ ಮೊದಲೇ ಅಚ್ಚಾಗಿತ್ತು. ಟಿಕ್ ಹಾಕುವುದಷ್ಟೇ ಉಳಿದ ಕೆಲಸ. ಸಮಯ ಬರೆಯಬೇಕಿಲ್ಲ, ಲೈನ್ ನಿಂತಿತ್ತು ಅಂತ ಬರೆಯಲು ಜಾಗವೂ ಇಲ್ಲ. ದಿನದ ಕೊನೆಯ ಸಹಿಯಲ್ಲಿ ನೋಡುತ್ತಿದ್ದದ್ದು ಮನೆಗಳು ತುಂಬಿವೆಯಾ ಅಂತ ಮಾತ್ರ. ಹೀಗೆ ಕೊರತೆ ಹುಟ್ಟಿದ ಕಾರಣ ಒಂದು, ಅದು ಮುಚ್ಚಿಹೋದ ಕಾರಣ ಇನ್ನೊಂದು. ಎರಡನ್ನೂ ಬೇರೆ ಬೇರೆ ಬರೆಸಿದೆ, ಯಾಕೆಂದರೆ ಎರಡಕ್ಕೂ ಬೇರೆ ಬೇರೆ ಕ್ರಮ ಬೇಕು.

ಕ್ರಮಗಳು

ಸಣ್ಣ ಕಡ್ಡಿಗಳ ಬದಲು ಅಂಗೈಗಿಂತ ಉದ್ದದ, ಗಾಢ ನೀಲಿ ಬಣ್ಣದ ಪಟ್ಟಿಯ ಒಳಗೆ ಗುಂಡು ಕೂರಿಸಿದ ಟೆಸ್ಟ್ ಪೀಸ್ ತರಿಸಿದರು. ಪುಡಿಯಲ್ಲಾಗಲಿ ಪೌಚ್‌ನಲ್ಲಾಗಲಿ ಅದು ಕಳೆದುಹೋಗಲಾರದು. ಡಿಟೆಕ್ಟರ್ ಪಕ್ಕದ ಗೋಡೆಗೆ ಒಂದು ಹಲಗೆ ಹೊಡೆದು, ಮೂರು ಪೀಸ್‌ನ ಆಕಾರವನ್ನೂ ಅದರ ಮೇಲೆ ಬರೆದರು. ಒಂದು ಇಲ್ಲದಿದ್ದರೆ ದೂರದಿಂದಲೇ ಕಾಣುತ್ತದೆ. ಶಿಫ್ಟ್ ಬದಲಾಗುವಾಗ ಎಣಿಸಿ ಕೊಡಬೇಕು. ಕಳೆಯುವ ಭಯಕ್ಕೂ ಕೈಗೆ ಸಿಗದ ತೊಂದರೆಗೂ ಒಟ್ಟಿಗೆ ಉತ್ತರ ಸಿಕ್ಕಿತು.

ಹಾಳೆಯಿಂದ ಅಚ್ಚಾದ ಸಮಯ ತೆಗೆದರು. ನಿಜವಾದ ಸಮಯ, ಬ್ಯಾಚ್ ನಂಬರ್, ಪ್ರತಿ ಪೀಸ್‌ಗೂ "ಬಿನ್‌ಗೆ ಬಿತ್ತಾ" ಅನ್ನುವ ಮನೆ, ಲೈನ್ ನಿಂತರೆ ಬರೆಯುವ ಜಾಗ ಬಂದವು. ವಾರಕ್ಕೆ ಎರಡು ಸಲ ಹಾಳೆಯನ್ನು ಬ್ರೇಕ್‌ಡೌನ್ ರಿಜಿಸ್ಟರ್ ಜೊತೆ ತಾಳೆ ನೋಡುವ ಕೆಲಸ ಕ್ಯೂಸಿಗೆ ಬಂತು. ಸರಿಪಡಿಸುವ ಕ್ರಮದ ಫಾರ್ಮ್‌ಗೆ ಒಂದು ಸಾಲು ಸೇರಿತು: "ಈ ಕ್ರಮದಿಂದ ಯಾರ ಕೆಲಸ ಬದಲಾಗುತ್ತದೆ? ಅವರ ಸಹಿ." ಬದಲಾವಣೆಗೆ ಮೊದಲೇ ಯೋಜನೆ ಬೇಕು ಅಂತ 6.3ನೇ ಕಲಮು ಹೇಳುತ್ತದೆ, ಆದರೆ ಫಾರ್ಮ್‌ನಲ್ಲಿ ಜಾಗ ಇಲ್ಲದಿದ್ದರೆ ಅದು ಪುಸ್ತಕದಲ್ಲೇ ಉಳಿಯುತ್ತದೆ. "ತಡೆ ಕ್ರಮ" ಅನ್ನುವ ಮನೆಯನ್ನು ತೆಗೆದುಬಿಟ್ಟರು. 2018ರ ಆವೃತ್ತಿಯಲ್ಲಿ ಅಂಥ ಪ್ರತ್ಯೇಕ ಕಲಮು ಇಲ್ಲ, ಅಲ್ಲಿ ಎಲ್ಲರೂ ಮೇಲಿನ ವಾಕ್ಯವನ್ನೇ ತಿರುಗಿಸಿ ಬರೆಯುತ್ತಿದ್ದರು.

ತರಬೇತಿಯೂ ಇತ್ತು, ಹೊಸ ಹಾಳೆ ತುಂಬುವುದು ಹೇಗೆ ಅಂತ ಹತ್ತು ನಿಮಿಷ, ಲೈನ್ ಪಕ್ಕದಲ್ಲೇ.

ಕ್ಲೋಸ್ ಮಾಡದೇ ಉಳಿಸಿದ್ದು

ಕ್ರಮ ಫಲ ಕೊಟ್ಟಿದೆ ಅಂತ ಯಾವಾಗ ಹೇಳಬಹುದು ಅನ್ನುವುದನ್ನು ಮೊದಲೇ ಬರೆದಿಟ್ಟೆವು. ನಾಲ್ಕು ವಾರದ ನಂತರ ಆರು ಶಿಫ್ಟ್‌ನ ಹಾಳೆ ಬ್ರೇಕ್‌ಡೌನ್ ರಿಜಿಸ್ಟರ್‌ಗೆ ತಾಳೆಯಾಗಬೇಕು. ಮೂರು ಸಲ ಹೇಳದೇ ಹೋಗಿ ನೋಡಿದಾಗ ಹಾಳೆ ಆ ಹೊತ್ತಿನವರೆಗೆ ತುಂಬಿರಬೇಕು, ಪರೀಕ್ಷೆ ಸರಿಯಾಗಿ ನಡೆಯಬೇಕು.

ಬೆಳಿಗ್ಗೆಯ ಶಿಫ್ಟ್‌ಗಳು ಚೆನ್ನಾಗಿದ್ದವು. ಸಮಯ 7.04, 8.11, 9.02 ಹೀಗೆ. ಮಧ್ಯಾಹ್ನದ ಶಿಫ್ಟ್‌ನ ಮೂರರಲ್ಲಿ ಎರಡು ಹಾಳೆಯಲ್ಲಿ 7.00, 8.00, 9.00 ಅಂತ ಗುಂಡು ಗುಂಡಾಗಿ ಇತ್ತು. ಸ್ಟೋರ್‌ನವರು ಒಂದು ರಾತ್ರಿ 8.10ಕ್ಕೆ ಹೋದಾಗ 7ರ ಸಾಲೂ 8ರ ಸಾಲೂ ಖಾಲಿ. ಆದರೆ ಪರೀಕ್ಷೆ ಮಾಡಿದ್ದನ್ನು ಪಕ್ಕದಲ್ಲಿದ್ದ ಸಹಾಯಕ ನೋಡಿದ್ದ. ಕಾರಣ ಸರಳವಾಗಿತ್ತು. 7 ಗಂಟೆಯ ನಂತರ ಒಬ್ಬರೇ ಆಪರೇಟರ್ ಎರಡು ಲೈನ್ ನೋಡಿಕೊಳ್ಳುತ್ತಿದ್ದರು. ಪರೀಕ್ಷೆ ಮಾಡಿ ಓಡುತ್ತಿದ್ದರು, ಬರೆಯುವುದು ಕೊನೆಯಲ್ಲಿ ನೆನಪಿನಿಂದ. ಕ್ಯೂಸಿಯವರು 6.30ಕ್ಕೆ ಮನೆಗೆ ಹೋಗುತ್ತಾರೆ. ಅಷ್ಟು ಹೊತ್ತಿಗೆ ಪರೀಕ್ಷೆ ಫೇಲ್ ಆದರೆ ಲೈನ್ ನಿಲ್ಲಿಸುವ ಅಧಿಕಾರ ಯಾರಿಗೆ ಅಂತಲೂ ಎಲ್ಲೂ ಬರೆದಿರಲಿಲ್ಲ.

ಗಡುವು ಹತ್ತಿರ ಇತ್ತು, ಕ್ಲೋಸ್ ಮಾಡಿಬಿಡೋಣ ಅಂತ ಒತ್ತಡವೂ ಇತ್ತು. ಸ್ಟೋರ್‌ನವರು ಸಹಿ ಹಾಕಲಿಲ್ಲ. ಫಾರ್ಮ್‌ನಲ್ಲಿ "ಭಾಗಶಃ ಪರಿಣಾಮಕಾರಿ" ಅಂತ ಬರೆದು, ಕಂಡದ್ದನ್ನು ಸೇರಿಸಿ, ಇನ್ನೂ ನಾಲ್ಕು ವಾರ ತೆಗೆದುಕೊಂಡರು. ಪ್ರಮಾಣಪತ್ರ ಸಂಸ್ಥೆಗೂ ಹಾಗೆಯೇ ತಿಳಿಸಿದರು, ಅವರು ಒಪ್ಪಿದರು. ರಾತ್ರಿಯ ಪರೀಕ್ಷೆ ಮತ್ತು ಬರಹ ಎರಡೂ ಆ ಸಹಾಯಕನ ಕೆಲಸವಾಯಿತು. ಕಲಿಸಿ, ಮಾಡಿಸಿ ನೋಡಿ, ಹೆಸರು ಬರೆದರು. ಪರೀಕ್ಷೆ ಫೇಲ್ ಆದರೆ ಲೈನ್ ನಿಲ್ಲಿಸಿ ಸರಕು ಹೋಲ್ಡ್ ಮಾಡುವ ಅಧಿಕಾರ ಶಿಫ್ಟ್ ಸೂಪರ್‌ವೈಸರ್‌ಗೆ ಲಿಖಿತವಾಗಿ ಬಂತು.

ಎರಡನೆಯ ಸಲ ನೋಡಿದಾಗ ಆರೂ ಶಿಫ್ಟ್ ತಾಳೆಯಾದವು. ಒಂದು ರಾತ್ರಿಯ ಹಾಳೆಯಲ್ಲಿ 8.17ರ ಸಾಲಿನಲ್ಲಿ ಸ್ಟೀಲ್ ಪೀಸ್‌ನ ಮನೆಗೆ ಟಿಕ್ ಬದಲು ಅಡ್ಡಗೆರೆ ಹಾಕಿದ ಗುರುತು. ಪಕ್ಕದಲ್ಲಿ ಸಹಾಯಕನ ಅಕ್ಷರ: "ಬೀಪ್ ಬಂತು, ಬಿನ್‌ಗೆ ಬೀಳಲಿಲ್ಲ. ಗಾಳಿ ಪ್ರೆಶರ್ ಕಮ್ಮಿ. ಲೈನ್ ನಿಲ್ಲಿಸಿದೆ." ಹಿಂದಿನ ಪರೀಕ್ಷೆ ನಡೆದ 7.09ರಿಂದ ಆಚೆಗಿನ ಎಲ್ಲ ಪೌಚ್‌ಗೂ ಹೋಲ್ಡ್ ಚೀಟಿ ಬಿದ್ದಿತ್ತು. ಒತ್ತಡ ಸರಿಮಾಡಿ, ಮೂರು ಪೀಸ್ ಪಾಸಾದ ಮೇಲೆ, ಅವೆಲ್ಲ ಮತ್ತೆ ಡಿಟೆಕ್ಟರ್ ದಾಟಿದ್ದವು. ಎರಡು ಪೌಚ್ ರಿಜೆಕ್ಟ್ ಆಗಿದ್ದವು, ಬಿಚ್ಚಿ ನೋಡಿದಾಗ ಒಂದರಲ್ಲಿ ಜರಡಿಯ ತಂತಿಯ ಸಣ್ಣ ತುಂಡು ಸಿಕ್ಕಿತ್ತು. ಆ ರಾತ್ರಿಯೇ ಜರಡಿ ಬದಲಿಸಿದ್ದರು, ಹಳೆಯ ಜರಡಿಯಲ್ಲಿ ಹರಿದ ಜಾಗಕ್ಕೆ ಆ ತುಂಡು ಹೊಂದಿತ್ತು.

ಸ್ಟೋರ್‌ನವರು ಆ ಹಾಳೆಯ ಜೆರಾಕ್ಸ್ ತೆಗೆದು, 8.17ರ ಸಾಲಿಗೆ ಪೆನ್ಸಿಲ್‌ನಿಂದ ಸುತ್ತು ಹಾಕಿ, ಎನ್‌ಸಿ ಫೈಲ್‌ನಲ್ಲಿ ಮೊದಲ ಸಾಕ್ಷ್ಯವಾಗಿ ಇಟ್ಟರು. ಹಳೆಯ ಫೈಲ್‌ಗಳಲ್ಲಿ ಆ ಜಾಗದಲ್ಲಿ ಇರುತ್ತಿದ್ದದ್ದು ತರಬೇತಿಯ ಹಾಜರಿ ಹಾಳೆ. ಆಮೇಲೆ ಕ್ಲೋಸ್ ಅಂತ ಸಹಿ ಹಾಕಿದರು.